ಕಲಬುರಗಿಯಲ್ಲಿ ಗಿಡದ ವ್ಯಾಪಾರ: ನರ್ಸರಿ ಆಮೇಲೆ, ಮಾಳಿಗೆ ಮೊದಲು

ಗಿಡದ ಹುಚ್ಚು ಇರುವವರು ವ್ಯಾಪಾರ ಮಾಡಬೇಕು ಅಂದ ಕೂಡಲೇ ಯೋಚಿಸುವುದು ನರ್ಸರಿ. ರಸ್ತೆ ಬದಿ ಜಾಗ ಹುಡುಕುತ್ತಾರೆ, ಒಂದು ಲಾರಿ ಗಿಡ ಇಳಿಸುತ್ತಾರೆ. ನಮ್ಮ ಊರಿನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ.

ಇಲ್ಲಿ ಗಿಡ ಕೊಳ್ಳುವ ಜನ ಬರುವುದು ಮೊದಲ ಮಳೆ ಬಿದ್ದ ಮೇಲೆ. ಚಳಿಗಾಲ ಮುಗಿಯುವ ತನಕ ವ್ಯಾಪಾರ ಇರುತ್ತದೆ. ಮಾರ್ಚ್ ಬಂತು ಅಂದರೆ ಗಿರಾಕಿ ಕಾಣುವುದಿಲ್ಲ, ಆದರೆ ಸ್ಟಾಕಿನಲ್ಲಿರುವ ಗಿಡಗಳಿಗೆ ದಿನಕ್ಕೆ ಎರಡು ಸಲ ನೀರು ಬೇಕೇ ಬೇಕು. ಬಾಡಿಗೆ, ನೀರು, ಆಳು ಎಲ್ಲ ಕೈಯಿಂದ ಹೋಗುತ್ತದೆ. ಅದೇ ಹೊತ್ತಿನಲ್ಲಿ ಜೇವರ್ಗಿ ರಸ್ತೆ, ಸೇಡಂ ರಸ್ತೆ ಕಡೆಯ ಮಾಳಿಗೆಗಳ ಮೇಲೆ ಕುಂಡದ ಗಿಡಗಳು ಒಂದೊಂದಾಗಿ ಒಣಗುತ್ತಿರುತ್ತವೆ. ಮನೆಯವರಿಗೆ ಅದನ್ನು ಉಳಿಸಿಕೊಡುವವರು ಬೇಕು. ಹಾಗಾಗಿ ಮೊದಲು ತಿಂಗಳ ನಿರ್ವಹಣೆ, ಆಮೇಲೆ ಮಾಳಿಗೆ ತೋಟ ಮಾಡಿಕೊಡುವ ಕೆಲಸ, ಕೊನೆಗೆ ನರ್ಸರಿ. ನಿರ್ವಹಣೆಗೆ ಜಾಗ ಬೇಡ. ಒಂದು ಗಾಡಿ, ಒಳ್ಳೆಯ ಕತ್ತರಿ, ಎರಡು ಲೀಟರಿನ ಸ್ಪ್ರೇಯರ್, ಮಣ್ಣು ಕೆದಕಲು ಕುರುಪಿ, ಮತ್ತೆ ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನ ಪ್ರಮಾಣ, ನೋಡುವ ಪೆನ್ನಿನಂಥ ಮೀಟರ್ ಸಾಕು.

ಮೊದಲ ಭೇಟಿಯಲ್ಲಿ ನೀರು ನೋಡಿ

ಹೊಸ ಮನೆಗೆ ಹೋದಾಗ ಗಿಡಕ್ಕಿಂತ ಮೊದಲು ಕುಂಡದ ಅಂಚು ನೋಡಿ. ಬಿಳಿ ಪೊರೆ ಕಟ್ಟಿದೆಯಾ? ಮಣ್ಣಿನ ಮೇಲೂ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತಾ? ಅದು ಬೋರ್‌ವೆಲ್ ನೀರಿನ ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ ಜಾಸ್ತಿ ನೀರು ಹಾಕಿದಷ್ಟೂ ಕುಂಡದಲ್ಲಿ ಉಪ್ಪು ಸೇರುತ್ತಾ ಹೋಗುತ್ತದೆ. ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುವುದು ಇದರ ಗುರುತು. ಮನೆಯವರು ಅದನ್ನು ನೋಡಿ ನೀರು ಸಾಲುತ್ತಿಲ್ಲ ಅಂದುಕೊಂಡು ಅದೇ ನೀರನ್ನು ಇನ್ನೂ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾರೆ.

ಮೀಟರ್ ಅದ್ದಿ ನೋಡಿ. ಟಿಡಿಎಸ್ 500 ಪಿಪಿಎಂ ಒಳಗಿದ್ದರೆ ಚಿಂತೆ ಇಲ್ಲ. 1000 ದಾಟಿದರೆ ನಾಜೂಕಿನ ಗಿಡಗಳು ಆ ಮಾಳಿಗೆಗೆ ಬೇಡ. ಇನ್ನೊಂದು ಮಾತು ತಪ್ಪದೆ ಕೇಳಿ: ಆರ್‌ಒ ಮಷಿನ್‌ನಿಂದ ಹೊರಬರುವ ವೇಸ್ಟ್ ನೀರನ್ನು ಗಿಡಕ್ಕೆ ಹಾಕುತ್ತೀರಾ? ಬಹಳ ಮನೆಗಳಲ್ಲಿ ಹೌದು ಅನ್ನುತ್ತಾರೆ, ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ. ಆದರೆ ಆ ನೀರಿನಲ್ಲಿ ಬೋರ್‌ವೆಲ್ ನೀರಿಗಿಂತಲೂ ಜಾಸ್ತಿ ಉಪ್ಪು ಇರುತ್ತದೆ. ನೆಲ ಒರೆಸಲು ಬಳಸಿಕೊಳ್ಳಲಿ, ಕುಂಡಕ್ಕೆ ಬೇಡ.

ಪರಿಹಾರ ಸುಲಭ. ತಿಂಗಳಿಗೊಮ್ಮೆ ಬೆಳಿಗ್ಗೆ, ಮೇಲಿನ ಬಿಳಿ ಪೊರೆಯನ್ನು ಅರ್ಧ ಇಂಚು ಮಣ್ಣಿನ ಸಮೇತ ಕೆರೆದು ತೆಗೆಯಿರಿ. ಆಮೇಲೆ ಕುಂಡದ ಅಳತೆಯ ಎರಡರಷ್ಟು ನೀರನ್ನು ನಿಧಾನವಾಗಿ ಹಾಕಿ ತಳದ ತೂತಿನಿಂದ ಹರಿದು ಹೋಗಲು ಬಿಡಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ತೊಳೆದ ಮೇಲೆ ಒಂದು ಹಿಡಿ ಎರೆಗೊಬ್ಬರ ಕೊಡಿ, ಯಾಕೆಂದರೆ ಉಪ್ಪಿನ ಜೊತೆ ಗಿಡದ ಆಹಾರವೂ ಹೋಗಿರುತ್ತದೆ. ಮಳೆಗಾಲದಲ್ಲಿ ಈ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ.

ದಾಸವಾಳದ ಚಿಗುರು ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಸುಣ್ಣದ ನೀರಿನಿಂದಾಗಿ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ನೆಲದ ಫರ್ಸಿ ಕಲ್ಲಿನ ಮೇಲೆ ಬಿದ್ದರೆ ಕಂದು ಕಲೆ ಹೋಗುವುದಿಲ್ಲ, ಕೆಳಗೆ ಗೋಣಿ ಚೀಲ ಹಾಸಿಕೊಳ್ಳಿ. ಕಲೆ ಮಾಡಿದವರನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ.

"ದಿನಾ ನೀರ್ ಹಾಕೀವ್ರಿ, ಆದ್ರೂ ಒಣಗ್ಯಾವ"

ಇದು ನೀವು ಅತಿ ಹೆಚ್ಚು ಕೇಳುವ ಮಾತು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಒಣಗಿದ ಗಿಡವನ್ನು ಅವರೆದುರಿಗೇ ಕುಂಡದಿಂದ ಕಿತ್ತು ತೋರಿಸಿ. ನಡುವೆ ಜಿಗುಟು ಮಣ್ಣಿನ ಒಂದು ಉಂಡೆ ಇರುತ್ತದೆ, ನರ್ಸರಿಯಿಂದ ಕವರಿನಲ್ಲಿ ಬಂದದ್ದು. ಸುತ್ತಲಿನ ಮಣ್ಣು ಒದ್ದೆ, ಉಂಡೆ ಮಾತ್ರ ಇಟ್ಟಿಗೆಯಂತೆ ಗಟ್ಟಿ. ಬೇರೆಲ್ಲ ಅದರೊಳಗೆ. ಹಾಕಿದ ನೀರು ಸಡಿಲ ಮಣ್ಣಿನಲ್ಲಿ ಪಕ್ಕದಿಂದ ಇಳಿದು ಹೋಗಿದೆ, ಬೇರಿಗೆ ಮುಟ್ಟಿಯೇ ಇಲ್ಲ.

ದೂರದಿಂದ ಬರುವ ಗಿಡಗಳಲ್ಲಿ, ಅದರಲ್ಲೂ ರಾಜಮಂಡ್ರಿ ಹತ್ತಿರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುವವುಗಳಲ್ಲಿ ಇದನ್ನು ಗಮನಿಸಿ. ಗೋದಾವರಿ ಬಯಲಿನ ತೇವದಲ್ಲಿ ಬೆಳೆದ ಗಿಡ ಅದು, ಇಲ್ಲಿನ ಒಣ ಗಾಳಿ ಅದಕ್ಕೆ ಹೊಸದು. ಕುಂಡಕ್ಕೆ ಹಾಕುವ ಮೊದಲು ಕವರ್ ಬಿಚ್ಚಿ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಹೊರಗಿನ ಒಂದು ಇಂಚು ಮಣ್ಣನ್ನು ಬೆರಳಿನಿಂದ ಬಿಡಿಸಿ, ಬೇರಿನ ತುದಿ ಹೊರಗೆ ಕಾಣುವಂತೆ ಮಾಡಿ, ಆಮೇಲೆ ನೆಡಿ. ಈ ಕೆಲಸ ಜೂನ್‌ನಿಂದ ಫೆಬ್ರವರಿಯೊಳಗೆ ಮಾತ್ರ. ಏಪ್ರಿಲ್‌ನಲ್ಲಿ ಬೇರು ಕೆದಕಿದರೆ ಗಿಡ ಉಳಿಯುವುದು ಕಷ್ಟ. ಆಗ ಕಡ್ಡಿಯಿಂದ ಉಂಡೆಗೆ ನಾಲ್ಕಾರು ತೂತು ಮಾಡಿ ನಿಧಾನವಾಗಿ ನೀರು ಇಳಿಸಿ, ಮಳೆಗಾಲಕ್ಕೆ ಕಾಯಿರಿ.

ಒಂದು ಮಾಳಿಗೆ, ನಲವತ್ತು ಕುಂಡ

ನಿರ್ವಹಣೆ ನೋಡಿ ಮೆಚ್ಚಿದವರು ತೋಟವನ್ನೇ ಮಾಡಿಕೊಡಿ ಅನ್ನುತ್ತಾರೆ. 20×30 ಅಡಿ ಮಾಳಿಗೆ, 12 ಇಂಚಿನ 40 ಕುಂಡ ಅಂತ ಇಟ್ಟುಕೊಳ್ಳೋಣ.

ಮೊದಲು ಕೆಳಗಿನ ಕೋಣೆಯ ಚಾವಣಿ ನೋಡಿ. ತೇವದ ಕಲೆ ಇದ್ದರೆ ಮನೆಯವರ ಎದುರಿಗೇ ಫೋಟೊ ತೆಗೆದುಕೊಳ್ಳಿ, ಸೋರಿಕೆ ಸರಿಪಡಿಸಿದ ಮೇಲೆಯೇ ಕೆಲಸ ಶುರು ಮಾಡಿ. ಇಲ್ಲದಿದ್ದರೆ ಹಳೆಯ ಸೋರಿಕೆಯೂ ನಿಮ್ಮ ಕುಂಡದ ತಲೆಗೇ ಬರುತ್ತದೆ.

ಇಂಥ ಕುಂಡಕ್ಕೆ ಸುಮಾರು 15 ಲೀಟರ್ ಮಣ್ಣಿನ ಮಿಶ್ರಣ ಹಿಡಿಯುತ್ತದೆ, ಒಟ್ಟು 600 ಲೀಟರ್. ಹೊಲದ ಎರೆ ಮಣ್ಣು ಪುಕ್ಕಟೆ ಸಿಗುತ್ತದೆ ಅಂತ ತರಬೇಡಿ. ಒದ್ದೆಯಾದರೆ ಅಂಟು, ಒಣಗಿದರೆ ಕುಂಡದ ಗೋಡೆಯಿಂದ ಬಿಟ್ಟುಕೊಂಡು ಬಿರುಕು. ಬೀದರ್ ಕಡೆಯ ಕೆಂಪು ಮಣ್ಣು 300 ಲೀಟರ್, ಚೆನ್ನಾಗಿ ಕಳಿತ ಗೊಬ್ಬರ 150 ಲೀಟರ್, ಕೋಕೋಪೀಟ್ 150 ಲೀಟರ್. ಐದು ಕಿಲೋದ ಒಂದು ಕೋಕೋಪೀಟ್ ಗಟ್ಟಿ ನೆನೆದರೆ 70ರಿಂದ 75 ಲೀಟರಿನಷ್ಟು ಆಗುತ್ತದೆ, ಎರಡು ಸಾಕು. ಅದನ್ನೂ ಎರಡು ಸಲ ತೊಳೆದು ಹಿಂಡಿ, ಅದರಲ್ಲೂ ಉಪ್ಪು ಇರುತ್ತದೆ. ಮೇಲೆ ಎರಡು ಕಿಲೋ ಬೇವಿನ ಹಿಂಡಿ ಬೆರೆಸಿದರೆ ಕುಂಡಕ್ಕೆ 50 ಗ್ರಾಂ ಬಂತು. ನೀರು ಕುಡಿದ ಮೇಲೆ ಒಂದು ಕುಂಡ 20 ಕಿಲೋ ದಾಟುತ್ತದೆ, ನಲವತ್ತು ಸೇರಿದರೆ ಟನ್ನಿನ ಹತ್ತಿರ. ಆದ್ದರಿಂದ ಎಲ್ಲವನ್ನೂ ನಡುವೆ ಗುಂಪು ಹಾಕದೆ ಗೋಡೆ ಮತ್ತು ತೊಲೆ ಇರುವ ಸಾಲಿನಲ್ಲಿ ಇಡಿ. ಹಳೆಯ ಕಟ್ಟಡವಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಟ್ಟಬೇಡಿ.

ಶಹಾಬಾದ್ ಫರ್ಸಿ ಹಾಸಿದ ಮಾಳಿಗೆ ಮಧ್ಯಾಹ್ನ ಬರಿಗಾಲಿಡಲು ಬಿಡುವುದಿಲ್ಲ. ಕುಂಡದ ತಳಕ್ಕೂ ಅದೇ ಬಿಸಿ ತಾಗುತ್ತದೆ. ಹಾಗಾಗಿ ಪ್ರತಿ ಕುಂಡದ ಕೆಳಗೆ ಸ್ಟ್ಯಾಂಡ್ ಅಥವಾ ಮೂರು ಇಟ್ಟಿಗೆ ತುಂಡು. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಬಿಳಿ ಬಣ್ಣ ಬಳಿಯಿರಿ. ಪಶ್ಚಿಮಕ್ಕೆ ಕಾಗದದ ಹೂ, ಕಣಗಿಲೆ, ಅಡೇನಿಯಂ ಇಡಿ, ಅವು ಬಿಸಿಲಿಗೆ ಹೆದರುವುದಿಲ್ಲ. ಅವುಗಳ ಹಿಂದೆ ದಾಸವಾಳ, ದುಂಡು ಮಲ್ಲಿಗೆ, ಕರಿಬೇವು, ನಿಂಬೆ. ಫರ್ನ್, ಹೈಡ್ರಾಂಜಿಯಾ ಬೇಕು ಅಂತ ಬೆಂಗಳೂರಿನ ಫೋಟೊ ತೋರಿಸಿದವರಿಗೆ ಖಡಾಖಂಡಿತವಾಗಿ ಇಲ್ಲ ಅನ್ನಿ. ಮಾರ್ಚ್‌ನಿಂದ ಮಳೆ ಬರುವ ತನಕ ಅರ್ಧ ಜಾಗಕ್ಕೆ 50 ಶೇಕಡಾ ನೆರಳಿನ ಬಲೆ, ಎಂಟು ಅಡಿ ಎತ್ತರಕ್ಕೆ. ಮುಂಗಾರಿಗೆ ಮುಂಚಿನ ಗಾಳಿ ಜೋರಾಗಿ ಬೀಸುತ್ತದೆ, ಕಂಬವನ್ನು ಪ್ಯಾರಾಪೆಟ್‌ಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಬಕೆಟ್‌ನಲ್ಲಿ ಸಿಮೆಂಟ್ ತುಂಬಿ ನಿಲ್ಲಿಸಿದ ಕಂಬ ಬಲೆ ಸಮೇತ ಪಕ್ಕದ ಮನೆಗೆ ಹೋಗಿ ಬೀಳಬಹುದು.

ಮೇ ತಿಂಗಳಲ್ಲಿ ಇಂಥ ಕುಂಡಕ್ಕೆ ದಿನಕ್ಕೆ ಎರಡು ಲೀಟರ್ ನೀರು ಬೇಕಾಗುತ್ತದೆ, ಅಡೇನಿಯಂ, ಕಾಗದದ ಹೂವಿಗೆ ಕಡಿಮೆ. ಬೆಳಿಗ್ಗೆ ಎಂಟರೊಳಗೆ ಹಾಕಿದರೆ ಒಳ್ಳೆಯದು. ಸಂಜೆ ಹಾಕುವವರಿಗೆ ಒಂದು ಎಚ್ಚರಿಕೆ ಕೊಡಿ: ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಬಕೆಟ್‌ಗೆ ಬಿಟ್ಟು, ತಣ್ಣಗಾದ ಮೇಲೆಯೇ ಕುಂಡಕ್ಕೆ ಹಿಡಿಯಬೇಕು.

ದುಡ್ಡಿನ ಲೆಕ್ಕ

ಇದೇ ನಲವತ್ತು ಕುಂಡಕ್ಕೆ ವಾರಕ್ಕೊಂದು ಭೇಟಿ. ಕುಂಡಕ್ಕೆ ಎರಡೂವರೆ, ಮೂರು ನಿಮಿಷದಂತೆ ಎರಡು ಗಂಟೆ ಹಿಡಿಯುತ್ತದೆ. ತಿಂಗಳಿಗೆ 1600 ರೂಪಾಯಿ ಕೇಳಿದಿರಿ ಅನ್ನಿ. ಗೊಬ್ಬರ, ಬೇವಿನ ಎಣ್ಣೆಗೆ 250, ಪೆಟ್ರೋಲ್‌ಗೆ 150 ಹೋದರೆ 1200 ಉಳಿಯಿತು, ಎಂಟು ಗಂಟೆಯ ಕೆಲಸಕ್ಕೆ. ಬೆಳಿಗ್ಗೆ ಆರರಿಂದ ಹತ್ತೂವರೆಯೊಳಗೆ ಎರಡು ಮಾಳಿಗೆ ಮುಗಿಯುತ್ತವೆ. ವಾರಕ್ಕೆ ಆರು ದಿನ, ಹನ್ನೆರಡು ಮನೆ, ತಿಂಗಳಿಗೆ 14,400. ಮನೆಗಳು ಒಂದೇ ಬಡಾವಣೆಯಲ್ಲಿ ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಒಂದು ಆಳಂದ ರಸ್ತೆಯಲ್ಲಿ, ಇನ್ನೊಂದು ಊರಿನ ಆ ಕಡೆ ಅಂತಾದರೆ ಪೆಟ್ರೋಲೂ ಹೋಯಿತು, ಬೆಳಗಿನ ತಂಪೂ ಹೋಯಿತು.

ದಿನದ ನೀರು ಮನೆಯವರ ಜವಾಬ್ದಾರಿ ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಡಿ. ನೀವು ಕೊಟ್ಟ ಗಿಡ ತಿಂಗಳೊಳಗೆ ಸತ್ತರೆ ಬದಲಿಸಿಕೊಡಿ, ಆದರೆ ಏಪ್ರಿಲ್, ಮೇನಲ್ಲಿ ಕೊಟ್ಟದ್ದಕ್ಕೆ ಆ ಮಾತು ಕೊಡಬೇಡಿ. ಊರಿಗೆ ಹೋಗುವವರಿಗೆ ದಿನಾ ಬಂದು ನೀರು ಹಾಕುವ ಬೇರೆ ದರ ಇಡಿ. ಮದುವೆ, ರಜೆ ಎಲ್ಲ ಬೇಸಿಗೆಯಲ್ಲೇ ಅಲ್ವಾ, ಈ ಕೆಲಸ ಕೇಳಿಕೊಂಡು ಬರುತ್ತದೆ.

ನರ್ಸರಿಯ ಬೀಜ ಇಲ್ಲೇ ಇದೆ. ಮಳೆ ಹಿಡಿದ ಮೇಲೆ ಈ ಮನೆಗಳ ದಾಸವಾಳ, ಕಾಗದದ ಹೂ ಕತ್ತರಿಸುತ್ತೀರಿ. ಮನೆಯವರನ್ನು ಕೇಳಿ ಆ ಕಡ್ಡಿ ತನ್ನಿ. ಪೆನ್ಸಿಲ್ ದಪ್ಪದ್ದು, ಆರೆಂಟು ಇಂಚು ಉದ್ದ, ಕೆಳಗೆ ಗಂಟಿನ ಅಡಿಯಲ್ಲೇ ಓರೆಯಾಗಿ ಕತ್ತರಿಸಿ ಮರಳು, ಕೋಕೋಪೀಟ್ ಸಮ ಬೆರೆಸಿದ ಕವರಿಗೆ ನೆರಳಿನಲ್ಲಿ ನೆಡಿ. ಚಿಗುರು ಬಂತು ಅಂತ ಖುಷಿಪಟ್ಟು ಮಾರಬೇಡಿ, ಬೇರಿಲ್ಲದೆಯೂ ಕಡ್ಡಿ ಚಿಗುರುತ್ತದೆ. ಮೆಲ್ಲಗೆ ಎಳೆದರೆ ಬಿಗಿ ಹಿಡಿದಿರಬೇಕು, ಕವರಿನ ತೂತಿನಲ್ಲಿ ಬಿಳಿ ಬೇರು ಕಾಣಬೇಕು. ಅದಕ್ಕೆ ಎರಡು ತಿಂಗಳಾದರೂ ಹಿಡಿಯುತ್ತದೆ. ಇಲ್ಲೇ ಹುಟ್ಟಿ, ಇದೇ ನೀರು ಕುಡಿದು ಬೇರು ಬಿಟ್ಟ ಗಿಡವನ್ನು ದೀಪಾವಳಿ ಹೊತ್ತಿಗೆ ಅದೇ ಬಡಾವಣೆಯಲ್ಲಿ ಮಾರಬಹುದು. ಹೊರಗಿನಿಂದ ತರಿಸುವುದು ನೀವೇ ಬೆಳೆಸಲಾಗದವು ಮಾತ್ರ, ಅವನ್ನೂ ಹದಿನೈದು ದಿನ ನೆರಳಲ್ಲಿಟ್ಟು ಹೊಸ ಎಲೆ ಬಿಟ್ಟ ಮೇಲೆಯೇ ಕೈ ಬದಲಿಸಿ.