ಅಣ್ಣ ಭಾರ, ತಂಗಿ ಹಗುರ: ಸೀಸಾದಲ್ಲಿ ತಂಗಿ ಎಲ್ಲಿ ಕೂರಬೇಕು?

ರಜೆಗೆ ತೀರ್ಥಹಳ್ಳಿ, ಸಾಗರದ ಕಡೆಯ ಅಜ್ಜಿ ಮನೆಗೆ ಮಕ್ಕಳು ಬಂದರೆ ಅಂಗಳದಲ್ಲೇ ಒಂದು ಸೀಸಾ ಸಿದ್ಧವಾಗುತ್ತದೆ. ಅಣ್ಣ ಒಂದು ತುದಿಗೆ, ತಂಗಿ ಇನ್ನೊಂದು ತುದಿಗೆ. ತಂಗಿ ಮೇಲೇ ಉಳಿಯುತ್ತಾಳೆ. ಆಗ ಯಾರಾದರೂ ಅವಳ ಕಡೆ ಕಲ್ಲು ಕಟ್ಟುತ್ತಾರೆ. ಅದನ್ನು ಮಾಡಲೇಬೇಡಿ, ಕಲ್ಲು ಜಾರಿದರೆ ಕಾಲ ಮೇಲೇ ಬೀಳುತ್ತದೆ. ಒಂದು ಅಳತೆ ಟೇಪು ಸಾಕು.

ಮೊದಲು ಇಬ್ಬರನ್ನೂ ತೂಗಿ. ಅಡಿಕೆ ತೂಗುವ ಯಂತ್ರವಿದ್ದರೆ ಅದೇ ಆಯ್ತು.

ಆಮೇಲೆ ಬರೀ ಹಲಗೆಯನ್ನು ಆಧಾರದ ಮೇಲಿಟ್ಟು ನೋಡಿ. ಒಂದು ಕಡೆ ವಾಲಿದರೆ ಹಲಗೆಯನ್ನೇ ಸರಿಸಿ ಸಮ ಮಾಡಿ. ಮಳೆಯಲ್ಲಿ ಒಂದು ತುದಿ ನೆಂದ ಹಲಗೆಯ ಸಮತೋಲ ನಟ್ಟನಡುವೆ ಸಿಗುವುದಿಲ್ಲ.

ಈಗ ಲೆಕ್ಕ. ಭಾರದ ಮಗುವಿನ ತೂಕವನ್ನು ಆಧಾರದಿಂದ ಅದು ಕೂತ ದೂರದಿಂದ ಗುಣಿಸಿ, ಹಗುರ ಮಗುವಿನ ತೂಕದಿಂದ ಭಾಗಿಸಿ. ಅಣ್ಣ 30 ಕಿಲೋ, ತಂಗಿ 20 ಕಿಲೋ ಅಂದುಕೊಳ್ಳಿ. ಹಲಗೆ ಒಂದೊಂದು ಕಡೆ 180 ಸೆಂಟಿಮೀಟರ್ ಇದೆ. ಅಣ್ಣ 130ರಲ್ಲಿ ಕೂತರೆ ತಂಗಿ 195ರಲ್ಲಿ ಕೂರಬೇಕು. ಅಲ್ಲಿ ಹಲಗೆಯೇ ಇಲ್ಲ! ಹಾಗಾಗಿ ಅಣ್ಣನನ್ನೇ ಒಳಗೆ ಕರೆಯಿರಿ. ಅವನು 100ರಲ್ಲಿ ಕೂತರೆ, 30 ಗುಣಿಸು 100 ಅಂದರೆ 3000. ಅದನ್ನು 20ರಿಂದ ಭಾಗಿಸಿದರೆ 150. ತಂಗಿಯ ಜಾಗ ಅದು, ಬೆನ್ನ ಹಿಂದೆ ಹಲಗೆಯೂ ಉಳಿಯುತ್ತದೆ. ಅಡಿ, ಇಂಚಿನಲ್ಲಿ ಅಳೆಯಬೇಡಿ. ಲೆಕ್ಕದಲ್ಲಿ ಐದೂಕಾಲು ಅಡಿ ಅಂತ ಬಂದದ್ದನ್ನು ಐದಡಿ ಮೂರಿಂಚಿನ ಬದಲು ಐದಡಿ ಎರಡಿಂಚು ಅಂತ ಗುರುತು ಹಾಕಿದವರನ್ನು ನೋಡಿದ್ದೇನೆ.

ಎಲ್ಲರೂ ಎಡವುವುದು ಟೇಪು ಹಿಡಿಯುವಾಗ. ಹಲಗೆಯ ತುದಿಯಿಂದ ಅಳೆಯುತ್ತಾರೆ, ಇಲ್ಲವೇ ಮಗುವಿನ ಮೊಣಕಾಲಿನವರೆಗೆ ಅಳೆಯುತ್ತಾರೆ. ಎರಡೂ ತಪ್ಪು. ಟೇಪಿನ ಸೊನ್ನೆ ಆಧಾರದ ಮೇಲಿರಬೇಕು. ಇನ್ನೊಂದು ತುದಿ, ಮಗು ನೆಟ್ಟಗೆ ಕೂತಾಗ ಹೊಕ್ಕುಳಿನಿಂದ ನೇರ ಕೆಳಗೆ ಬರುವ ಜಾಗಕ್ಕೆ ಮುಟ್ಟಬೇಕು. ಮೈಭಾರ ಹೆಚ್ಚುಕಮ್ಮಿ ಅಲ್ಲೇ ಬೀಳುತ್ತದೆ. ಸೀಮೆಸುಣ್ಣದಲ್ಲಿ ಅಲ್ಲೊಂದು ಗೆರೆ ಎಳೆಯಿರಿ.

ಪರೀಕ್ಷೆಗೆ ನೀವೇ ಹಲಗೆಯನ್ನು ಸಮವಾಗಿ ಹಿಡಿದುಕೊಳ್ಳಿ. ಇಬ್ಬರೂ ಕಾಲು ಎತ್ತಲಿ, ಆಮೇಲೆ ಮೆಲ್ಲಗೆ ಬಿಡಿ. ಹಲಗೆ ಅಲುಗಾಡದೆ ನಿಲ್ಲಲಿ ಅಂತ ಕಾಯಬೇಡಿ, ಆಧಾರದ ಮೇಲೆ ಇಟ್ಟ ಹಲಗೆ ಹಾಗೆ ಬಹಳ ಹೊತ್ತು ನಿಲ್ಲುವುದಿಲ್ಲ. ನಿಧಾನವಾಗಿ ಇಳಿದರೆ ಲೆಕ್ಕ ಸರಿ, ಧಡ್ ಅಂತ ಇಳಿದರೆ ತಪ್ಪು. ತಂಗಿ ಮೇಲೆ ಹೋದರೆ ಅವಳು ನಾಲ್ಕು ಬೆರಳು ಹಿಂದಕ್ಕೆ, ಕೆಳಗೆ ಬಂದರೆ ಅಷ್ಟೇ ಮುಂದಕ್ಕೆ. ಅಣ್ಣನನ್ನು ಸರಿಸಬೇಡಿ. ಅವನು 10 ಸೆಂಟಿಮೀಟರ್ ಸರಿದರೆ ತಂಗಿ 15 ಸರಿಯಬೇಕಾಗುತ್ತದೆ. ಅವನು ಸುಮ್ನೆ ಹಿಂದಕ್ಕೆ ವಾಲಿದರೂ ಸಮತೋಲ ಕೆಡುತ್ತದೆ.

ಸೀಟು ಅಲುಗದಂತೆ ಬಿಗಿದಿಟ್ಟ ಪ್ಲಾಸ್ಟಿಕ್ ಸೀಸಾ ಕೊಳ್ಳಬೇಡಿ, ಅದರಲ್ಲಿ ಸರಿಯಲು ಜಾಗವೇ ಇರುವುದಿಲ್ಲ. ಪಾರ್ಕಿನ ಸ್ಪ್ರಿಂಗ್ ಸೀಸಾಕ್ಕೂ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ, ವ್ಯತ್ಯಾಸದ ಭಾರವನ್ನು ಅಲ್ಲಿ ಸ್ಪ್ರಿಂಗೇ ಹೊರುತ್ತದೆ.