ಚೆಸ್ ಆ್ಯಪ್‌ಗೆ ದುಡ್ಡು ಕಟ್ಟಬೇಕಾ? ನಾನು ಲೆಕ್ಕ ಹಾಕಿದ ಬಗೆ

ಚೆಸ್ ಆ್ಯಪ್‌ಗಳು ಚಂದಾ ಕೇಳುವುದು ನಾವು ಸೋತ ಮರುಕ್ಷಣ. ಎಲ್ಲಿ ತಪ್ಪಾಯಿತು ನೋಡಬೇಕಾ ಅಂತ ಒಂದು ಬಟನ್ ಬರುತ್ತದೆ, ಒತ್ತಿದರೆ ಬೆಲೆಪಟ್ಟಿ. ಹೊಟ್ಟೆ ಉರಿಯುತ್ತಿರುವಾಗ ಯಾರಾದರೂ ಕಟ್ಟಿಬಿಡುತ್ತಾರೆ. ನಾನು ಮೊದಲು ಸೋತ ಆಟಗಳನ್ನೆಲ್ಲ ತೆಗೆದು, ಒಂದೊಂದರ ಪಕ್ಕದಲ್ಲೂ ಸೋಲಿನ ಕಾರಣ ಚುಟುಕಾಗಿ ಬರೆದೆ. ಕಾಯಿ ಸುಮ್ನೆ ಬಿಟ್ಟಿದ್ದು, ಟೈಮ್ ಮುಗಿದಿದ್ದು, ಓಪನಿಂಗ್ ಗೊತ್ತಿಲ್ಲದ್ದು, ಗೆಲ್ಲುವ ಎಂಡ್‌ಗೇಮ್ ಕೆಡಿಸಿದ್ದು.

ಬಹುತೇಕ ಆಟಗಳ ಪಕ್ಕ ಮೊದಲನೆಯದೇ ಇತ್ತು. ಓಪನಿಂಗ್‌ನಿಂದಲೇ ಸೋತದ್ದು ಅಪರೂಪ. ಆದರೆ ಚಂದಾದ ಜಾಹೀರಾತಿನಲ್ಲಿ ಎಲ್ಲಕ್ಕಿಂತ ಮೇಲೆ ಮಿಂಚುತ್ತಿದ್ದದ್ದು ಓಪನಿಂಗ್ ಪಾಠಗಳು ಮತ್ತು 'ಇನ್ನೂ ಆಳವಾದ' ವಿಶ್ಲೇಷಣೆ.

ಈ ಆಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಳಗೆ ಲೆಕ್ಕ ಹಾಕುವ ಎಂಜಿನ್ ಸಾಮಾನ್ಯವಾಗಿ ಸ್ಟಾಕ್‌ಫಿಶ್. ಅದು ಓಪನ್ ಸೋರ್ಸ್, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. 2010ರಲ್ಲಿ ಶುರುವಾದ ಲಿಚೆಸ್ ಅನ್ನುವ ಚೆಸ್ ತಾಣ ದೇಣಿಗೆಯಿಂದ ನಡೆಯುತ್ತದೆ, ಜಾಹೀರಾತೂ ಇಲ್ಲ, ಚಂದಾವೂ ಇಲ್ಲ. ಅಲ್ಲೂ ಇದೇ ಎಂಜಿನ್. ಅದು ಇನ್ನೂ ಹತ್ತು ನಡೆ ಮುಂದೆ ನೋಡಿದರೆ ಗ್ರ್ಯಾಂಡ್‌ಮಾಸ್ಟರ್‌ಗೆ ಉಪಯೋಗ ಆದೀತು. ಎರಡು ನಡೆಯಲ್ಲಿ ಕುದುರೆ ಕಳೆದುಕೊಳ್ಳುವ ನನಗೆ ಏನು ಉಪಯೋಗ?

ನಾನು ಬಿಳಿ ಹಿಡಿದು ಸೋತ ಒಂದು ಆಟ ನೋಡಿ:

```
1. e4 e5 2. Nf3 Nc6 3. Bc4 Nd4
4. Nxe5 Qg5 5. Nxf7 Qxg2
6. Rf1 Qxe4+ 7. Be2 Nf3#
```

ಏಳು ನಡೆಗೆ ಚೆಕ್‌ಮೇಟ್. ಚಂದಾ ಕಟ್ಟಿದರೆ ಸಿಗುವ ರಿವ್ಯೂ ಐದನೇ ನಡೆಗೆ ಕೆಂಪು ಗುರುತು ಹಾಕಿ 'ಬ್ಲಂಡರ್' ಅಂದಿತು. ಸರಿಯೇ. ಆದರೆ ಕೆಟ್ಟದ್ದು ಅದಕ್ಕೂ ಮುಂಚೆ. ಎದುರಾಳಿ ಬೇಕಂತಲೇ ಬಿಟ್ಟ e5 ಕಾಲಾಳನ್ನು ಆಸೆಪಟ್ಟು ಹೊಡೆದೆ. ರಾಣಿ g5ಕ್ಕೆ ಬಂದಾಗ ಅದು ನನ್ನ ಕುದುರೆಯನ್ನೂ g2 ಕಾಲಾಳನ್ನೂ ಒಟ್ಟಿಗೆ ನೋಡುತ್ತಿದೆ ಅನ್ನುವುದು ಕಾಣಲೇ ಇಲ್ಲ. ನಾಲ್ಕನೇ ನಡೆಯಲ್ಲಿ d4ರ ಕುದುರೆಯನ್ನೇ ಹೊಡೆದಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಕೆಂಪು ಗುರುತು ನಡೆಯ ಮೇಲೆ ಬೀಳುತ್ತದೆ. ನಾನು ಏನನ್ನು ನೋಡಲಿಲ್ಲ ಅನ್ನುವುದನ್ನು ನಾನೇ ಹುಡುಕಿಕೊಳ್ಳಬೇಕು.

ಒಂದು ತಿಂಗಳ ಚಂದಾ ಹಾಕಿ ನೋಡಿದೆ, ವರ್ಷದ್ದಲ್ಲ. ರಿವ್ಯೂಗೆ ಮಿತಿ ಇಲ್ಲದ್ದರಿಂದ ಆಟ ಮುಗಿದ ಕೂಡಲೇ ಬಟನ್ ಒತ್ತುವುದು, ಎಷ್ಟು ಸರಿಯಾಗಿ ಆಡಿದೆ ಅನ್ನುವ ಶೇಕಡಾವಾರು ನೋಡುವುದು, ಮುಂದಿನ ಆಟ. ಯೋಚಿಸುವ ಕೆಲಸ ನಿಂತೇಹೋಯಿತು. ಪಜಲ್ ರೇಟಿಂಗ್ ಮಾತ್ರ ಏರುತ್ತಾ ಹೋಯಿತು, ಅದನ್ನು ನೋಡಿ ಖುಷಿಯೂ ಆಯಿತು. ಪಜಲ್‌ನಲ್ಲಿ ಇಲ್ಲೊಂದು ಒಳ್ಳೆಯ ನಡೆ ಇದೆ ಅಂತ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಯಾರೂ ಹಾಗೆ ಹೇಳುವುದಿಲ್ಲ ಅಲ್ವಾ? ಹಾಗಾಗಿ ನಾನು ನಂಬಿದ್ದು 15+10, ಅಂದರೆ ತಲಾ ಹದಿನೈದು ನಿಮಿಷ ಮತ್ತು ಪ್ರತಿ ನಡೆಗೆ ಹತ್ತು ಸೆಕೆಂಡ್ ಸೇರುವ ಆಟದ ರೇಟಿಂಗನ್ನು ಮಾತ್ರ, ಅದೂ ಒಂದೇ ಆ್ಯಪ್‌ನಲ್ಲಿ. ಒಂದು ಆ್ಯಪ್‌ನ ರೇಟಿಂಗ್ ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ಐವತ್ತು ಪಾಯಿಂಟ್ ಮೇಲೆ ಕೆಳಗೆ ಆಗುವುದು ಮಾಮೂಲು, ಅದನ್ನು ಪ್ರಗತಿ ಅನ್ನಬಾರದು. ಆ ತಿಂಗಳು ನನ್ನ ರೇಟಿಂಗ್ ಅಷ್ಟರೊಳಗೇ ಓಲಾಡಿತು.

ಬದಲಾವಣೆ ಕಂಡದ್ದು ಪುಕ್ಕಟೆ ಸಿಗುವ ಎರಡರಲ್ಲಿ. ಲಿಚೆಸ್ ಪಜಲ್‌ಗಳನ್ನು ವಿಷಯದ ಪ್ರಕಾರ ಆರಿಸಬಹುದು. ನಾನು ಫೋರ್ಕ್ ಮತ್ತು ಕಾವಲಿಲ್ಲದ ಕಾಯಿ, ಇವೆರಡನ್ನೇ ಹಿಡಿದೆ, ಬೇಗ ಒತ್ತದೆ ಪೂರ್ತಿ ಲೆಕ್ಕ ಹಾಕಿ. ಇನ್ನೊಂದು, ವಿಶ್ಲೇಷಣೆಯಲ್ಲಿರುವ 'ನಿಮ್ಮ ತಪ್ಪುಗಳಿಂದ ಕಲಿಯಿರಿ' ಅನ್ನುವ ಸೌಲಭ್ಯ. ಅದು ಉತ್ತರ ತೋರಿಸದೆ ನಾವು ಎಡವಿದ ಜಾಗಕ್ಕೇ ತಂದು ನಿಲ್ಲಿಸಿ ಬೇರೆ ನಡೆ ಹುಡುಕಿಸುತ್ತದೆ. ಕೆಲವು ವಾರದ ನಂತರ ಸೋಲಿನ ಪಟ್ಟಿ ಮತ್ತೆ ಬರೆದಾಗ 'ಕಾಯಿ ಬಿಟ್ಟೆ' ಕಡಿಮೆಯಾಗಿ 'ಎಂಡ್‌ಗೇಮ್' ಜಾಸ್ತಿಯಾಗಿತ್ತು.

ಅಕ್ಕನ ಮಗನ ಕಥೆ ಬೇರೆ. ಅವನು ರೇಟೆಡ್ ಟೂರ್ನಿ ಆಡುವವನು. "ಮಾವ, ನಾನು ಕರಿ ಹಿಡಿದಾಗಲೇ ಸೋಲೋದು, ಹತ್ತು ನಡೆಯೊಳಗೇ ಕಷ್ಟ ಆಗ್ತದೆ," ಅಂದ. ಪಟ್ಟಿ ಮಾಡಿಸಿದೆ, ಅವನ ಮಾತು ನಿಜವೇ ಆಗಿತ್ತು. ಮರೆತ ನಡೆಗಳನ್ನು ದಿನ ಬಿಟ್ಟು ದಿನ ಮತ್ತೆ ಕೇಳುವ ಓಪನಿಂಗ್ ಟ್ರೈನರ್‌ಗೆ ಅವನಿಗೆ ದುಡ್ಡು ಕಟ್ಟಿದೆವು. ಈಗ ಕರಿ ಕಾಯಿಯಲ್ಲಿ ಆಟದ ನಡುಭಾಗಕ್ಕೆ ನೆಟ್ಟಗೆ ತಲುಪುತ್ತಾನೆ. ಮೂರು ತಿಂಗಳಿಗೊಮ್ಮೆ ಪಟ್ಟಿ ನೋಡುತ್ತೇವೆ. ಓಪನಿಂಗ್ ಸೋಲು ಅದರಲ್ಲಿ ಕಾಣದಿದ್ದರೆ ಆ ಚಂದಾ ನಿಲ್ಲಿಸುತ್ತೇವೆ ಅಂತ ಅವನಿಗೆ ಮೊದಲೇ ಹೇಳಿದ್ದೇನೆ.