ಮನೆಯಲ್ಲಿ ಡೈ ಹಚ್ಚುವವರಿಗೆ: ಬಾಟಲಿಯೋ, ಬಟ್ಟಲು-ಬ್ರಷ್ಷೋ?

ಮೊದಲ ಸಲ ಮನೆಯಲ್ಲಿ ಡೈ ಹಚ್ಚಿಕೊಳ್ಳುವವರಿಗೆ ಮೂತಿ ಇರುವ ಬಾಟಲಿಯೇ ಸುಲಭ ಅನ್ನಿಸುತ್ತದೆ. ಅಲ್ಲಾಡಿಸು, ಹಿಂಡು, ಉಜ್ಜು, ಅಷ್ಟೇ ಅಲ್ವಾ? ಆದರೆ ಬುಡದಲ್ಲಿ ಬೆಳೆದ ಬಿಳಿ ಕೂದಲನ್ನು ಮಾತ್ರ ಮುಚ್ಚಬೇಕಿದ್ದರೆ ಬಟ್ಟಲು-ಬ್ರಷ್ಷೇ ತಗೊಳ್ಳಿ. ಕೈ ಸ್ವಲ್ಪ ನಿಧಾನ ಆದರೂ ಡೈ ನಿಮ್ಮ ಹತೋಟಿಯಲ್ಲಿ ಇರುತ್ತದೆ.

ಬಾಟಲಿಯ ಡೈ ಮೂತಿಯಿಂದ ಇಳಿಯಬೇಕು, ಹಾಗಾಗಿ ಅದು ತೆಳುವಾಗಿಯೇ ಇರುತ್ತದೆ. ಹಿಂಡುವಾಗ ಎಷ್ಟು ಬೀಳುತ್ತದೆ ಅನ್ನೋದು ಬಿದ್ದ ಮೇಲೇ ಗೊತ್ತಾಗೋದು. ಅದರ ಮೇಲೆ ನಮ್ಮ ಬಳ್ಳಾರಿಯ ಬೇಸಿಗೆ. ಬೆವರಿನ ಜೊತೆ ಡೈ ಹಣೆಗೆ, ಕಿವಿಗೆ ಇಳಿಯುತ್ತದೆ. ಬಿಳಿ ಕೂದಲು ಕೆಲವರಿಗೆ ಒರಟಾಗಿ, ಬೇಗ ಬಣ್ಣ ಹಿಡಿಯದ ಹಾಗಿರುತ್ತದೆ. ಅದಕ್ಕೆ ಡೈ ದಪ್ಪಗೆ ಕೂರಬೇಕು, ಜಾರಬಾರದು.

ನನ್ನ ತಂಗಿಯ ಮಗಳಿಗೆ ಆಗಿದ್ದೂ ಇದೇ. ಭುಜದ ತನಕ ಕೂದಲು, ಮೊದಲೇ ಕಂದು ಡೈ ಹಚ್ಚಿದ್ದು. ಬುಡದಲ್ಲಿ ಅರ್ಧ ಇಂಚು ಬಿಳಿ ಬಂದಿತ್ತು. ಬಾಟಲಿ ತಂದು ಹಚ್ಚಿಕೊಂಡಳು. ಡೈ ಬುಡದಿಂದ ಜಾರಿ ಹಳೆ ಬಣ್ಣದ ಮೇಲೆ ಕೂತಿತು. ಹಳೆ ಡೈ ಮೇಲೆ ಮತ್ತೆ ಡೈ ಬಿದ್ದರೆ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ತುದಿ ಕರ್ರಗಾಯಿತು, ಕಿವಿ ಪಕ್ಕ ಬಿಳಿ ಎಳೆಗಳು ಹಾಗೇ ಉಳಿದವು.

ಮುಂದಿನ ಸಲ ನಾನೇ ಎದುರು ಕೂರಿಸಿಕೊಂಡು ಬ್ರಷ್ಷಿನಿಂದ ಮಾಡಿಸಿದೆ. ಕ್ರೀಮ್ ಡೈ ತರಿಸಿದೆ. ಎರಡು ದಿನ ಮೊದಲೇ ಮೊಣಕೈ ಒಳಗೆ ಒಂದಿಷ್ಟು ಹಚ್ಚಿ ನೋಡಿದೆವು. ತುರಿಕೆ, ಕೆಂಪು, ಊತ ಏನಾದರೂ ಬಂದರೆ ಆ ಡೈ ತಲೆಗೆ ಹಾಕಲೇಬಾರದು. ಪ್ರತಿ ಸಲವೂ ಇದನ್ನು ನೋಡಬೇಕು. ಹಿಂದಿನ ಸಲ ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ಈ ಸಲ ಆಗಲ್ಲ ಅಂತಲ್ಲ.

ಹಣೆ ಅಂಚಿಗೆ, ಕಿವಿಗೆ ವ್ಯಾಸಲೀನ್ ಸವರಿದೆವು. ಕೈಗೆ ಗ್ಲೌಸ್. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಪ್ಯಾಕಿನ ಮೇಲೆ ಹೇಳಿದ ಅಳತೆಗೆ ಕ್ರೀಮು, ಅದರ ಬಣ್ಣ ಹಿಡಿಸುವ ಡೆವಲಪರ್ ಕಲಸಿದೆವು. ಸ್ಟೀಲ್, ಹಿತ್ತಾಳೆ ಬಟ್ಟಲು ಬೇಡ. ಕಲಸಿದ್ದು ಗಟ್ಟಿ ಮೊಸರಿನ ಹಾಗೆ ಬ್ರಷ್ಷಿಗೆ ಅಂಟಿ ನಿಲ್ಲಬೇಕು. ತೊಟ್ಟಿಕ್ಕಿದರೆ ಅಳತೆ ತಪ್ಪಿದೆ ಅಂತ ಅರ್ಥ.

ಬಟ್ಟಲಿನ ದೊಡ್ಡ ಅನುಕೂಲ ಇಲ್ಲೇ ಇದೆ. ಬಾಟಲಿಯಲ್ಲಿ ಸಾಮಾನ್ಯವಾಗಿ ಡೆವಲಪರ್ ಪೂರ್ತಿ ಇರುತ್ತದೆ, ಬಣ್ಣವನ್ನೂ ಪೂರ್ತಿ ಹಾಕಲೇಬೇಕು. ಬಟ್ಟಲಿನಲ್ಲಿ ಮೊದಲು ಅರ್ಧ ಕಲಸಿ ಮುಗಿಸಿ, ಬೇಕಾದರೆ ಇನ್ನರ್ಧ ಕಲಸಬಹುದು. ಕಲಸಿದ ತಕ್ಷಣ ಡೈ ಕೆಲಸ ಶುರು ಮಾಡುತ್ತದಲ್ಲ, ನಿಧಾನ ಕೈಯವರಿಗೆ ಈ ಬಿಡುವು ಬೇಕೇ ಬೇಕು.

ತಲೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿದೆವು. ಬಿಳಿ ಜಾಸ್ತಿ ಇದ್ದ ಕಿವಿ ಪಕ್ಕದಿಂದ ಶುರು. ಬ್ರಷ್ಷಿನ ಹಿಡಿ ತುದಿಯಿಂದ ಅರ್ಧ ಇಂಚಿಗೊಂದು ಬೈತಲೆ ತೆಗೆದು, ಹೊಸದಾಗಿ ಬೆಳೆದ ಭಾಗಕ್ಕೆ ಮಾತ್ರ ಹಚ್ಚೋದು. ಹಳೆ ಬಣ್ಣ ಶುರುವಾಗುವ ಗೆರೆಯಲ್ಲಿ ಬ್ರಷ್ ನಿಲ್ಲಿಸೋದು. ಬಾಟಲಿಯಲ್ಲಿ ಈ ಗೆರೆ ಹಿಡಿಯೋದು ತುಂಬಾ ಕಷ್ಟ.

ಫ್ಯಾನ್ ಆರಿಸಿಬಿಡಿ. ಸೆಕೆ ಆದರೂ ಸರಿ. ಗಾಳಿಗೆ ಡೈ ಒಣಗಿದರೆ ಅಲ್ಲಿ ಬಣ್ಣ ಸರಿಯಾಗಿ ಹಿಡಿಯಲ್ಲ. ಹಾಗಾಗಿ ನಮ್ಮ ಕಡೆ ಬೆಳಿಗ್ಗೆ ತಂಪು ಹೊತ್ತಿನಲ್ಲೇ ಈ ಕೆಲಸ ಮುಗಿಸೋದು ಒಳ್ಳೆಯದು. ಹಚ್ಚಿ ಹತ್ತು ನಿಮಿಷಕ್ಕೆ ಒಂದೊಂದು ಎಳೆ ಎತ್ತಿ ನೋಡಿ. ಬುಡದಲ್ಲಿ ಬೆಳ್ಳಗೆ ಕಂಡರೆ ಡೈ ಮುಟ್ಟಿಲ್ಲ ಅಂತಲೇ. ಅಲ್ಲಿ ಆಗಲೇ ಇನ್ನೊಂದು ಸಲ ಹಚ್ಚಿ. ಆದರೆ ಒಟ್ಟು ಸಮಯ ಪ್ಯಾಕಿನ ಮೇಲೆ ಹೇಳಿದ್ದನ್ನು ಮೀರಬಾರದು.

ತಲೆಯ ಹಿಂಭಾಗ ಮಾತ್ರ ಬ್ರಷ್ಷಿಗೂ ಕಷ್ಟವೇ. ಮನೆಯಲ್ಲಿ ಅಕ್ಕನೋ, ಸೊಸೆಯೋ ಇದ್ದರೆ ಅವರ ಕೈಗೆ ಕೊಡಿ. ಒಬ್ಬರೇ ಇದ್ದರೆ ಎದುರು ಒಂದು, ಹಿಂದೆ ಒಂದು ಕನ್ನಡಿ ಇಟ್ಟುಕೊಳ್ಳಿ.

ಬಾಟಲಿ ಬೇಡವೇ ಬೇಡ ಅಂತ ಹೇಳಲ್ಲ. ಇದುವರೆಗೆ ಡೈ ಮುಟ್ಟದ ತಲೆ, ಸೊಂಟದ ತನಕ ದಟ್ಟ ಕೂದಲು, ಪೂರ್ತಿ ಒಂದೇ ಗಾಢ ಬಣ್ಣ ಬೇಕು ಅಂದರೆ ಬಾಟಲಿ ಬೇಗ ಮುಗಿಸುತ್ತದೆ. ಮೂತಿ ದಟ್ಟ ಕೂದಲಿನ ಸಂದಿಗೂ ಹೋಗುತ್ತದೆ. ಮೂತಿಯನ್ನು ಚಿಕ್ಕದಾಗಿಯೇ ಕತ್ತರಿಸಿ, ದೊಡ್ಡ ತೂತಾದರೆ ಒಮ್ಮೆಲೇ ಸುರಿಯುತ್ತದೆ. ಒಂದು ಎಚ್ಚರಿಕೆ: ಕಲಸಿ ಉಳಿದದ್ದನ್ನು ಮುಚ್ಚಳ ಬಿಗಿದು ಇಡಬೇಡಿ. ಒಳಗೆ ಗಾಳಿ ಉಬ್ಬಿ ಬಾಟಲಿ ಒಡೆಯಬಹುದು. ಅದು ಮತ್ತೆ ಕೆಲಸಕ್ಕೂ ಬರಲ್ಲ. ಆಗಲೇ ಚೆಲ್ಲಿ, ಬಾಟಲಿ ತೊಳೆದು ಹಾಕಿ.